ಐದು ಸಾವಿರದಲ್ಲಿ ಬೇಸಿಕ್ ಎಷ್ಟು ಅಂತ ಮೊದಲು ನೋಡಿ

*ದುಬೈನ ಕಟ್ಟಡ ಸಾಮಗ್ರಿ ಕಂಪನಿಯೊಂದರಿಂದ ಅಕೌಂಟೆಂಟ್ ಕೆಲಸಕ್ಕೆ ಆಫರ್ ಬಂದಿದೆ. ತಿಂಗಳಿಗೆ 5,000 ದಿರ್ಹಮ್. ಬೇಸಿಕ್ 2,000, ಮನೆ ಬಾಡಿಗೆಗೆ 1,500, ಓಡಾಟಕ್ಕೆ 500, ‘ಇತರೆ’ 1,000. ಪ್ರೊಬೇಷನ್ ಆರು ತಿಂಗಳು, ಆ ಹೊತ್ತಲ್ಲಿ ಕಂಪನಿ ನೋಟಿಸ್ ಇಲ್ಲದೆ ತೆಗೆಯಬಹುದಂತೆ. ಆಮೇಲೆ ನೋಟಿಸ್ 90 ದಿನ. ಎರಡು ವರ್ಷದೊಳಗೆ ಬಿಟ್ಟರೆ ವೀಸಾ ಖರ್ಚು ನಾನು ವಾಪಸ್ ಕಟ್ಟಬೇಕು. ಸೌಲಭ್ಯಗಳ ಬಗ್ಗೆ ‘ಯುಎಇ ಕಾನೂನಿನ ಪ್ರಕಾರ’ ಅಂತ ಒಂದೇ ಸಾಲಿದೆ. ಏಜೆಂಟ್ ಎರಡು ದಿನದಲ್ಲಿ ಸಹಿ ಮಾಡಿ ಅಂತಿದ್ದಾರೆ. ಮಾಡಲಾ? ಮಂಗಳೂರಿನ ಕೆಲಸಕ್ಕೆ ಯಾವಾಗ ರಾಜೀನಾಮೆ ಕೊಡಲಿ?*
*— ಓದುಗರೊಬ್ಬರು, ಕುಂದಾಪುರ*

ಸಂಪಾದಕರ ಉತ್ತರ:

ಈ ಕಾಗದಕ್ಕೆ ಈಗಲೇ ಸಹಿ ಬೇಡ. ಆಫರ್ ಕೆಟ್ಟದು ಅಂತಲ್ಲ. ನಿಮ್ಮ ಕೈಯಲ್ಲಿರುವುದು ಕಂಪನಿ ತಾನೇ ಟೈಪ್ ಮಾಡಿದ ಪತ್ರ, ಅಲ್ವಾ? ಯುಎಇಯಲ್ಲಿ ಫ್ರೀ ಝೋನ್ ಅನ್ನುವ ವಿಶೇಷ ವಲಯಗಳ ಹೊರಗಿರುವ ಖಾಸಗಿ ಕಂಪನಿಗಳು ಮಾನವ ಸಂಪನ್ಮೂಲ ಸಚಿವಾಲಯದ ನಮೂನೆಯಲ್ಲೇ ಆಫರ್ ಕೊಡಬೇಕು. ಅಲ್ಲಿನವರು ಈ ಸಚಿವಾಲಯವನ್ನು ‘ಮೊಹ್ರೆ’ ಅಂತಾರೆ. ಆ ಆಫರ್ ಅರೇಬಿಕ್, ಇಂಗ್ಲಿಷ್ ಜೊತೆಗೆ ಹಿಂದಿ ಅಥವಾ ಮಲಯಾಳಂನಲ್ಲೂ ಸಿಗುತ್ತದೆ. ಆಮೇಲೆ ನೋಂದಣಿಯಾಗುವ ಕರಾರು ಆ ಆಫರ್‌ಗೆ ಹೊಂದಬೇಕು. ಬದಲಾವಣೆ ಆದರೂ ಅದು ನಿಮಗೆ ಇನ್ನೂ ಅನುಕೂಲವಾಗುವಂತಿರಬೇಕು, ಕಡಿಮೆ ಮಾಡುವ ಹಾಗಿಲ್ಲ. ಹಾಗಾಗಿ ಏಜೆಂಟರಿಗೆ ಒಂದೇ ಮಾತು ಹೇಳಿ: ಮೊಹ್ರೆ ಆಫರ್ ಕಳಿಸಿ, ನೋಡಿ ಸಹಿ ಮಾಡ್ತೀನಿ. ಅದರ ಮೇಲೆ ಟ್ರಾನ್ಸಾಕ್ಷನ್ ನಂಬರ್ ಇರುತ್ತದೆ, mohre.gov.ae ನಲ್ಲಿ ನೀವೇ ತಾಳೆ ನೋಡಬಹುದು. ‘ಮೊದಲು ವಿಸಿಟ್ ವೀಸಾದಲ್ಲಿ ಬನ್ನಿ, ಅಲ್ಲಿ ಎಲ್ಲಾ ಸರಿ ಮಾಡೋಣ’ ಅಂದರೆ ಅಲ್ಲಿಗೇ ಮಾತು ನಿಲ್ಲಿಸಿ. ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಕಾನೂನುಬಾಹಿರ. ಆಗ ಸಂಬಳ ಕೊಡದಿದ್ದರೆ ಕೇಳಲು ನಿಮ್ಮ ಕೈಯಲ್ಲಿ ಕರಾರೇ ಇರುವುದಿಲ್ಲ.

ಈಗ ಸಂಬಳದ ಸಾಲಿಗೆ ಬರೋಣ, ಏಕೆಂದರೆ ನಿಮ್ಮ ಆಫರ್‌ನ ತೊಂದರೆ ಇರುವುದೇ ಅಲ್ಲಿ. ಎಲ್ಲರೂ 5,000 ನೋಡುತ್ತಾರೆ, ಅದನ್ನು ರೂಪಾಯಿಗೆ ಗುಣಿಸಿ ಖುಷಿಪಡುತ್ತಾರೆ. ಕಂಪನಿಯ ಎಚ್‌ಆರ್ ನೋಡುವುದು 2,000 ವನ್ನು. ಯುಎಇಯ ಈಗಿನ ಕಾರ್ಮಿಕ ಕಾನೂನು 2021ರದ್ದು, ಜಾರಿಗೆ ಬಂದದ್ದು 2022ರ ಫೆಬ್ರವರಿಯಲ್ಲಿ. ಅದರಲ್ಲಿ ಗ್ರಾಚ್ಯುಟಿ, ಓವರ್‌ಟೈಮ್, ಕೆಲಸ ಬಿಡುವಾಗ ಉಳಿದ ರಜೆಯ ದುಡ್ಡು ಎಲ್ಲವೂ ಬೇಸಿಕ್ ಮೇಲೆ. ಕೆಲಸ ಹೋದಾಗ ಸಿಗುವ ನಿರುದ್ಯೋಗ ವಿಮೆಯೂ ಹಾಗೇ, ಬೇಸಿಕ್‌ನ ಶೇಕಡಾ 60, ಹೆಚ್ಚೆಂದರೆ ಮೂರು ತಿಂಗಳು. ಅದಕ್ಕೂ ಕನಿಷ್ಠ 12 ತಿಂಗಳು ಕಂತು ಕಟ್ಟಿರಬೇಕು, ನೀವೇ ರಾಜೀನಾಮೆ ಕೊಟ್ಟಿರಬಾರದು.

ಗ್ರಾಚ್ಯುಟಿ ಲೆಕ್ಕ ಹಾಕಿ ನೋಡಿ. ನೀವು ಅಕೌಂಟೆಂಟ್, ನನಗಿಂತ ಬೇಗ ಮಾಡ್ತೀರಿ. ಒಂದು ವರ್ಷ ಪೂರ್ತಿಯಾದ ಮೇಲೆ ಲೆಕ್ಕ ಶುರು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಅದರಾಚೆಗೆ ವರ್ಷಕ್ಕೆ 30 ದಿನದ್ದು. 2,000 ವನ್ನು 30ರಿಂದ ಭಾಗಿಸಿ 21ರಿಂದ ಗುಣಿಸಿದರೆ ವರ್ಷಕ್ಕೆ 1,400. ಏಳು ವರ್ಷ ದುಡಿದರೆ ಮೊದಲ ಐದಕ್ಕೆ 7,000, ಉಳಿದೆರಡಕ್ಕೆ 4,000, ಒಟ್ಟು 11,000 ದಿರ್ಹಮ್. ಅದೇ 5,000ದಲ್ಲೇ ಬೇಸಿಕ್ 3,000 ಇದ್ದಿದ್ದರೆ? 16,500. ತಿಂಗಳಿಗೆ ಕೈಗೆ ಬರುವ ದುಡ್ಡು ಎರಡರಲ್ಲೂ ಒಂದೇ. ಓವರ್‌ಟೈಮ್‌ನಲ್ಲೂ ಇದೇ ಕಥೆ. 2,000 ಬೇಸಿಕ್‌ಗೆ ದಿನಕ್ಕೆ ಎಂಟು ಗಂಟೆಯಂತೆ ಗಂಟೆಗೆ 8.33 ಆಗುತ್ತದೆ, ಕಾಲು ಭಾಗ ಸೇರಿಸಿದರೆ 10.40ರ ಆಸುಪಾಸು. 3,000 ಇದ್ದರೆ 15.60 ದಾಟುತ್ತದೆ.

ಚೌಕಾಸಿ ಮಾಡುವುದಾದರೆ ಇಲ್ಲಿ ಮಾಡಿ. ‘5,500 ಕೊಡಿ’ ಅಂದರೆ ಇಲ್ಲ ಅಂತಾರೆ. ‘5,000ವೇ ಇರಲಿ, ಬೇಸಿಕ್ 3,000 ಮಾಡಿ’ ಅಂದರೆ ಒಪ್ಪುವ ಸಾಧ್ಯತೆ ಜಾಸ್ತಿ, ಯಾಕಂದರೆ ತಿಂಗಳ ಸಂಬಳದ ಖರ್ಚು ಅವರಿಗೆ ಬದಲಾಗುವುದಿಲ್ಲ. ಹಾಗೇ ಆ ‘ಇತರೆ 1,000’ ಏನು ಅಂತ ಕೇಳಿ. ಅದು ಮೊಹ್ರೆ ಕರಾರಿನಲ್ಲಿ ಬರುತ್ತದಾ, ಇಲ್ಲ ಬಾಯಿಮಾತಾ? ಕೆಲವು ಕಡೆ ಸರ್ಕಾರಿ ಕರಾರಿನಲ್ಲಿ 3,000, ಉಳಿದದ್ದು ‘ನಾವು ಕೊಡ್ತೀವಿ ಬಿಡಿ’ ಅಂತ ಇರುತ್ತದೆ. ನಾಳೆ ವಿವಾದವಾದರೆ ನಿಮ್ಮ ಸಂಬಳ ಅಂತ ಮೊದಲು ಎಣಿಕೆಗೆ ಬರುವುದು ನೋಂದಣಿಯಾದ ಅಂಕಿ.

ಪ್ರೊಬೇಷನ್ ಆರು ತಿಂಗಳು ಇರುವುದು ತಪ್ಪಲ್ಲ, ಕಾನೂನಿನ ಗರಿಷ್ಠ ಮಿತಿಯೇ ಅದು. ಅದನ್ನು ಇನ್ನೊಮ್ಮೆ ವಿಸ್ತರಿಸುವಂತಿಲ್ಲ, ಮುಗಿಸಿದರೆ ಆ ಆರು ತಿಂಗಳೂ ಸೇವೆಯ ಲೆಕ್ಕಕ್ಕೆ ಸೇರುತ್ತದೆ. ಆದರೆ ‘ನೋಟಿಸ್ ಇಲ್ಲದೆ ತೆಗೆಯಬಹುದು’ ಅನ್ನುವ ಸಾಲು ನಿಲ್ಲುವುದಿಲ್ಲ. ಪ್ರೊಬೇಷನ್‌ನಲ್ಲಿ ತೆಗೆಯಲು ಕಂಪನಿ ಕನಿಷ್ಠ 14 ದಿನ ಮೊದಲು ಬರಹದಲ್ಲಿ ತಿಳಿಸಬೇಕು. ಆ ಸಾಲನ್ನು ತೆಗೆಸಿ.

ನಿಮ್ಮ ಕಡೆಯಿಂದಲೂ ನಿಯಮ ಇದೆ, ನಮ್ಮವರು ಎಡವುವುದು ಇಲ್ಲೇ. ಪ್ರೊಬೇಷನ್‌ನಲ್ಲಿ ಬಿಟ್ಟು ಊರಿಗೆ ಬರುವುದಾದರೆ 14 ದಿನ ಮೊದಲು ಬರೆದು ಕೊಡಬೇಕು. ಅಲ್ಲೇ ಬೇರೆ ಕಂಪನಿಗೆ ಹೋಗುವುದಾದರೆ ಒಂದು ತಿಂಗಳು ಮೊದಲು. ಆಗ ಹಳೇ ಕಂಪನಿಯ ನೇಮಕಾತಿ ಖರ್ಚನ್ನು ತುಂಬಿಕೊಡಬೇಕಾದವರು ಹೊಸ ಕಂಪನಿಯವರು, ನೀವಲ್ಲ. ಊರಿಗೆ ಬಂದು ಮೂರು ತಿಂಗಳೊಳಗೆ ಬೇರೆ ಕಂಪನಿಯ ಪರ್ಮಿಟ್‌ನಲ್ಲಿ ವಾಪಸ್ ಹೋದರೂ ಅಷ್ಟೇ. ಏನೂ ಹೇಳದೆ ವಿಮಾನ ಹತ್ತಿದರೆ ಮಾತ್ರ ಹೊರಟ ದಿನದಿಂದ ಒಂದು ವರ್ಷ ಅಲ್ಲಿ ಕೆಲಸದ ಪರ್ಮಿಟ್ ಸಿಗುವುದಿಲ್ಲ. ಪ್ರೊಬೇಷನ್‌ನಲ್ಲಿ ಹುಷಾರು ತಪ್ಪಿದರೆ ಸಂಬಳದ ರಜೆ ಇಲ್ಲ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ. ಅದು ಮುಗಿದ ಮೇಲೆ ವರ್ಷಕ್ಕೆ 90 ದಿನದವರೆಗೆ ಸಿಗುತ್ತದೆ: 15 ದಿನ ಪೂರ್ತಿ ಸಂಬಳ, 30 ದಿನ ಅರ್ಧ, ಉಳಿದ 45ಕ್ಕೆ ಏನೂ ಇಲ್ಲ.

‘ಎರಡು ವರ್ಷದೊಳಗೆ ಬಿಟ್ಟರೆ ವೀಸಾ ಖರ್ಚು ಕಟ್ಟಬೇಕು’ ಅನ್ನುವ ಸಾಲನ್ನೂ ಹೊಡೆದು ಹಾಕಿಸಿ. ನೇಮಕಾತಿಯ ಖರ್ಚನ್ನು ನೇರವಾಗಿಯಾಗಲೀ ಸುತ್ತುಬಳಸಿಯಾಗಲೀ ಕೆಲಸಗಾರರ ತಲೆಗೆ ಕಟ್ಟಬಾರದು ಅಂತ ಕಾನೂನಿನಲ್ಲೇ ಇದೆ. ಕಾನೂನಿಗೆ ವಿರುದ್ಧವಾದ ಸಾಲಿಗೆ ಬೆಲೆ ಇಲ್ಲ ಅಂತ ಸುಮ್ನೆ ಸಹಿ ಹಾಕಬೇಡಿ. ಸಹಿ ಮಾಡಿದ ಕಾಗದ ತೋರಿಸಿ ಕೊನೆಯ ಸಂಬಳದಲ್ಲಿ ಹಿಡಿದುಕೊಂಡರೆ, ದೂರು ಕೊಟ್ಟು ಅಲೆಯುವವರು ನೀವು.

ನೋಟಿಸ್ 90 ದಿನ ನನಗಂತೂ ಇಷ್ಟವಾಗಲಿಲ್ಲ. ಕಾನೂನಿನಲ್ಲಿ 30ರಿಂದ 90 ದಿನದವರೆಗೆ ಎಷ್ಟಾದರೂ ಇಡಬಹುದು, ಹಾಗಾಗಿ ಇದು ಸರಿಯೇ, ಆದರೆ ಗರಿಷ್ಠ. ಗಮನಿಸಬೇಕಾದ್ದು ಇನ್ನೊಂದಿದೆ. ನಿಮಗೆ ಬರಬೇಕಾದ ಗ್ರಾಚ್ಯುಟಿ ಬೇಸಿಕ್ ಮೇಲೆ, ಆದರೆ ನೋಟಿಸ್ ಕೊಡದೆ ಬಿಟ್ಟರೆ ನೀವು ಕಟ್ಟಬೇಕಾದ್ದು ಭತ್ಯೆಗಳೂ ಸೇರಿದ ಸಂಬಳದ ಮೇಲೆ. ಎರಡು ವರ್ಷ ದುಡಿದು ಒಳ್ಳೆ ಅವಕಾಶ ಬಂತು ಅಂತ ತಕ್ಷಣ ಬಿಟ್ಟಿರಿ ಅಂದುಕೊಳ್ಳಿ. ಬರಬೇಕಾದ ಗ್ರಾಚ್ಯುಟಿ 2,800, ಕಟ್ಟಬೇಕಾದ ನೋಟಿಸ್ ದುಡ್ಡು ಮೂರು ತಿಂಗಳ 15,000. ಲೆಕ್ಕ ಚುಕ್ತಾ ಮಾಡಿದ ಮೇಲೂ ನೀವೇ ಬಾಕಿ. ಕಂಪನಿ ನೋಟಿಸ್ ಇಲ್ಲದೆ ತೆಗೆದರೆ ಅವರೂ ಹೀಗೇ ಪೂರ್ತಿ ಸಂಬಳ ಕೊಡಬೇಕು, ಅದು ನಿಜ. ಆದರೆ ಶುರುವಿನಲ್ಲಿ ಬೇಗ ಬೇರೆ ಕಡೆ ಹೋಗುವ ಮನಸ್ಸಾಗುವುದು ಸಾಮಾನ್ಯವಾಗಿ ಕೆಲಸಗಾರರಿಗೆ. 30 ದಿನ ಕೇಳಿ, 60ಕ್ಕೆ ಒಪ್ಪಿಕೊಳ್ಳಿ.

ಊರಿನ ಹಳೇ ಗಲ್ಫ್‌ನವರು ‘ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಕಟ್ ಮಾಡ್ತಾರೆ, ಐದು ವರ್ಷ ಕಚ್ಚಿಕೊಂಡಿರು’ ಅಂತ ಹೇಳುತ್ತಾರೆ. ಅದು 1980ರ ಕಾನೂನಿನ ಮಾತು, ಆಗ ನಿಜವೂ ಆಗಿತ್ತು. ಈಗ ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟರೂ ಪೂರ್ತಿ ಬರಬೇಕು, ಕರಾರು ಮುಗಿದ 14 ದಿನದೊಳಗೆ ಎಲ್ಲಾ ಬಾಕಿ ಕೈಗೆ ಸೇರಬೇಕು.

ಕೆಲಸದಿಂದ ತೆಗೆಯುವ ಬಗ್ಗೆ ನಿಮ್ಮ ಪತ್ರದಲ್ಲಿ ಜಾಸ್ತಿ ಇಲ್ಲ. ನೋಟಿಸ್ ಇಲ್ಲದೆ ತೆಗೆಯಲು ಕಾನೂನು ಕೆಲವೇ ಕಾರಣ ಪಟ್ಟಿ ಮಾಡಿದೆ, ಅದಕ್ಕೂ ಮೊದಲು ಬರಹದಲ್ಲಿ ವಿಚಾರಣೆ ನಡೆಸಬೇಕು. ನಕಲಿ ಸರ್ಟಿಫಿಕೇಟ್, ಕಂಪನಿಯ ಗುಟ್ಟು ಹೊರಹಾಕುವುದು ಇಂಥವು. ಆ ಪಟ್ಟಿಯಲ್ಲಿ ಮನೆಯವರಿಗೂ ಗೊತ್ತಿರಬೇಕಾದ್ದು ಒಂದು: ಸರಿಯಾದ ಕಾರಣವಿಲ್ಲದೆ ಸತತ ಏಳು ದಿನಕ್ಕಿಂತ ಹೆಚ್ಚು, ಇಲ್ಲವೇ ವರ್ಷದಲ್ಲಿ ಬಿಡಿಬಿಡಿಯಾಗಿ 20 ದಿನಕ್ಕಿಂತ ಹೆಚ್ಚು ಗೈರಾದರೆ ತೆಗೆಯಬಹುದು. ಮದುವೆ, ಕೋಲ ಅಂತ ರಜೆಗೆ ಬಂದು ಇನ್ನೊಂದು ವಾರ, ಇನ್ನೊಂದು ವಾರ ಅಂತ ಉಳಿಯುವ ಮುಂಚೆ ರಜೆ ವಿಸ್ತರಣೆಗೆ ಒಪ್ಪಿಗೆಯ ಮೇಲ್ ಕೈಯಲ್ಲಿರಲಿ.

‘ಯುಎಇ ಕಾನೂನಿನ ಪ್ರಕಾರ’ ಅಂದರೆ ವರ್ಷಕ್ಕೆ 30 ದಿನ ರಜೆ, ನಿಮ್ಮ ಆರೋಗ್ಯ ವಿಮೆ, ಗ್ರಾಚ್ಯುಟಿ ಇಷ್ಟು ಖಾತ್ರಿ. ಆ 30 ದಿನದಲ್ಲಿ ವಾರದ ರಜೆಗಳೂ ಸೇರುತ್ತವೆ, ನಮ್ಮ ಇಲ್ಲಿನ ರಜೆ ಲೆಕ್ಕ ಬೇರೆ. ವರ್ಷಕ್ಕೊಮ್ಮೆ ಊರಿಗೆ ಹೋಗಿಬರುವ ಟಿಕೆಟ್ ಕಾನೂನಿನಲ್ಲಿಲ್ಲ. ಹೆಂಡತಿ, ಮಕ್ಕಳ ವಿಮೆಯನ್ನೂ ದುಬೈಯಲ್ಲಿ ಅವರ ವೀಸಾಗೆ ಸ್ಪಾನ್ಸರ್ ಆದವರೇ, ಅಂದರೆ ನೀವೇ ನೋಡಿಕೊಳ್ಳಬೇಕು. ಬೇಕಿದ್ದರೆ ಈಗಲೇ ಬರೆಸಿಕೊಳ್ಳಿ. ಫೋನ್‌ನಲ್ಲಿ ‘ಟಿಕೆಟ್ ಕೊಡ್ತೀವಿ’ ಅಂದಿದ್ದರೆ ಅದು ಕರಾರಿನಲ್ಲಿ ಕಾಣಲಿ. ಕಂಪನಿ ದುಬೈನ ಹಣಕಾಸು ಕೇಂದ್ರವಾದ ಡಿಐಎಫ್‌ಸಿಯಲ್ಲಿ ನೋಂದಣಿಯಾಗಿದ್ದರೆ ಮಾತ್ರ ನಾನು ಹೇಳಿದ ಕಾರ್ಮಿಕ ಕಾನೂನು ಅನ್ವಯಿಸುವುದಿಲ್ಲ, ಅಲ್ಲಿಗೆ ಪ್ರತ್ಯೇಕ ಕಾನೂನು. ಕಟ್ಟಡ ಸಾಮಗ್ರಿಯವರು ಅಲ್ಲಿರುವುದು ಅಪರೂಪ, ಆದರೂ ವಿಳಾಸ ನೋಡಿಕೊಳ್ಳಿ.

ಏಜೆಂಟ್ ದುಡ್ಡು ಕೇಳಿದ್ದಾರಾ ಅಂತ ನೀವು ಬರೆದಿಲ್ಲ. ಭಾರತದಲ್ಲಿ ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ, ರಸೀದಿ ಸಮೇತ. ಅವರ ಹೆಸರು emigrate.gov.in ಪಟ್ಟಿಯಲ್ಲಿದೆಯಾ ನೋಡಿ. ಇಲ್ಲದಿದ್ದರೆ ಆಫರ್ ಎಷ್ಟೇ ಚೆನ್ನಾಗಿದ್ದರೂ ದೂರ ಇರಿ.

ಇನ್ನು ಮಂಗಳೂರಿನ ರಾಜೀನಾಮೆ. ಮೊಹ್ರೆ ಆಫರ್‌ಗೆ ಸಹಿಯಾಗಿ, ಎಂಟ್ರಿ ಪರ್ಮಿಟ್ ನಿಮ್ಮ ಹೆಸರಲ್ಲಿ ಬರುವ ತನಕ ಕೊಡಬೇಡಿ. ಇಲ್ಲಿ ನಿಮ್ಮ ನೋಟಿಸ್ ಎಷ್ಟಿದೆ ಅಂತ ಕಂಪನಿಗೆ ಈಗಲೇ ಹೇಳಿ, ಸೇರುವ ದಿನವನ್ನು ಅದಕ್ಕೆ ಹೊಂದಿಸಿಕೊಳ್ಳಿ. ಅಲ್ಲಿಗೆ ಹೋದ ಮೇಲೂ ರೆಸಿಡೆನ್ಸಿಗಾಗಿ ಮೆಡಿಕಲ್ ಇದೆ, ಎಕ್ಸ್‌ರೇ, ರಕ್ತ ಪರೀಕ್ಷೆ ಎಲ್ಲಾ ಮಾಡುತ್ತಾರೆ, ಅದರಲ್ಲಿ ಫೇಲಾದರೆ ವಾಪಸ್ ಬರಬೇಕಾಗಬಹುದು. ಹಾಗಾಗಿ ರಾಜೀನಾಮೆಗೆ ಮುಂಚೆ ಮಂಗಳೂರಿನಲ್ಲೇ ಒಂದು ಎದೆ ಎಕ್ಸ್‌ರೇ ತೆಗೆಸಿ ನೋಡಿ.