‘ರಿಸೆಪ್ಷನ್‌ನಲ್ಲಿ ಕೊಟ್ಬಿಡಿ’ ಅಂದ ಮೇಲೆ ಹೊಣೆ ಯಾರದು?

ಸಂಪಾದಕರೇ, ನಾನು ಮಹದೇವಪುರದ ಕಡೆ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. 24,500 ರೂಪಾಯಿಯ ಫೋನ್ ಆರ್ಡರ್ ಮಾಡಿ ಆಫೀಸ್ ವಿಳಾಸ ಕೊಟ್ಟಿದ್ದೆ. ದುಡ್ಡು ಮೊದಲೇ ಕಟ್ಟಿದ್ದೆ. ಶುಕ್ರವಾರ ಸಂಜೆ ಡೆಲಿವರಿ ಹುಡುಗ ಫೋನ್ ಮಾಡಿದ. ನಾನು ಹೊರಗಿದ್ದೆ. ‘ರಿಸೆಪ್ಷನ್‌ನಲ್ಲಿ ಕೊಟ್ಬಿಡಿ’ ಅಂತ ಓಟಿಪಿ ಹೇಳಿದೆ. ಸೋಮವಾರ ಬಾಕ್ಸ್ ಇಲ್ಲ. ‘ಸಹಿ ಹಾಕಿ ಕೌಂಟರ್ ಪಕ್ಕ ಇಟ್ಟೆ ಮೇಡಂ, ಆಮೇಲೆ ಗೊತ್ತಿಲ್ಲ’ ಅಂತಾಳೆ ರಿಸೆಪ್ಷನ್ ಹುಡುಗಿ. ಕೊರಿಯರ್‌ನವರು ಡೆಲಿವರಿ ಆಗಿದೆ ಅಂತಾರೆ. ಎಚ್.ಆರ್. ನಮಗೆ ಸಂಬಂಧ ಇಲ್ಲ ಅಂತಾರೆ. ಆ ಹುಡುಗಿ ಅಳುತ್ತಾ ‘ಕಂತಿನಲ್ಲಿ ಕೊಡ್ತೀನಿ’ ಅಂದಳು. ಅವಳ ಸೂಪರ್‌ವೈಸರ್ ಸಂಬಳದಲ್ಲಿ ಹಿಡಿಯೋಣ ಅಂತಿದ್ದಾರೆ. ನಿಜವಾಗಿ ಯಾರು ಕೊಡಬೇಕು?
— ಒಬ್ಬ ಓದುಗರು, ಬೆಂಗಳೂರು

ಮೊದಲು ಒಂದು ಕೆಲಸ ಮಾಡಿ. ಆಮೇಲೆ ಉಳಿದದ್ದು ಓದಿ. ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆವರೆಗಿನ ಸಿಸಿಟಿವಿ ದೃಶ್ಯವನ್ನು ತೆಗೆದಿಡಿ ಎಂದು ಎಚ್.ಆರ್.ಗೂ ಅಡ್ಮಿನ್ ವಿಭಾಗಕ್ಕೂ ಈಗಲೇ ಮೇಲ್ ಹಾಕಿ. ಬಾಯಿಮಾತಿನಲ್ಲಿ ಕೇಳಬೇಡಿ. ಕ್ಯಾಮೆರಾ ರೆಕಾರ್ಡರ್ ತುಂಬಿದ ಮೇಲೆ ಹಳೆಯ ದೃಶ್ಯ ಅಳಿಸಿ ಅದರ ಮೇಲೆ ಹೊಸದು ಕೂರುತ್ತದೆ. ಯಾರ ಹೊಣೆ ಎಂದು ಚರ್ಚೆ ಮಾಡುತ್ತಾ ಕೂತರೆ, ಬಾಕ್ಸ್ ಎತ್ತಿಕೊಂಡು ಹೋದವರ ಒಂದೇ ಒಂದು ಸುಳಿವು ಕೈತಪ್ಪುತ್ತದೆ.

ಈಗ ಹೊಣೆಯ ಮಾತು. ಇಲ್ಲಿ ಎರಡು ಬೇರೆ ಬೇರೆ ಪ್ರಶ್ನೆಗಳಿವೆ. ಎಲ್ಲರೂ ಅವನ್ನು ಒಂದೇ ಎಂದುಕೊಂಡು ಜಗಳ ಆಡುತ್ತಾರೆ. ಮಾರಿದವರು ತಮ್ಮ ಕೆಲಸ ಮುಗಿಸಿದರಾ ಅನ್ನೋದು ಒಂದು. ಮುಗಿಸಿದ್ದರೆ, ಆಮೇಲೆ ಬಾಕ್ಸ್ ಯಾರ ವಶದಲ್ಲಿತ್ತು, ಅವರು ಹೇಗೆ ನೋಡಿಕೊಂಡರು ಅನ್ನೋದು ಇನ್ನೊಂದು.

ಮೊದಲನೆಯದಕ್ಕೆ ಉತ್ತರ 1930ರ ಸರಕು ಮಾರಾಟ ಕಾಯ್ದೆಯ 33ನೇ ಕಲಮಿನಲ್ಲಿದೆ. ವಸ್ತು ಕೊಂಡವರ ಕೈಗೇ ಬರಬೇಕು ಅಂತೇನಿಲ್ಲ. ಕೊಂಡವರ ಪರವಾಗಿ ಇಟ್ಟುಕೊಳ್ಳಲು ಒಪ್ಪಿಗೆ ಪಡೆದವರ ಕೈಗೆ ಬಂದರೂ ಅದು ಡೆಲಿವರಿಯೇ. ಹಾಗಾಗಿ ಯಾರು ಸಹಿ ಹಾಕಿದರು ಅನ್ನೋದಕ್ಕಿಂತ, ಆ ಸಹಿಗೆ ನಿಮ್ಮ ಒಪ್ಪಿಗೆ ಇತ್ತಾ ಅನ್ನೋದು ಮುಖ್ಯ. ನಿಮ್ಮ ವಿಷಯದಲ್ಲಿ ಇದು ಸ್ಪಷ್ಟವಾಗಿದೆ. ಫೋನಿನಲ್ಲಿ ನೀವೇ ಹೇಳಿದಿರಿ, ಓಟಿಪಿಯನ್ನೂ ಕೊಟ್ಟಿರಿ. ಆ ಕ್ಷಣಕ್ಕೆ ರಿಸೆಪ್ಷನ್ ಹುಡುಗಿ ನಿಮ್ಮ ಪರವಾಗಿ ಪಡೆದಂತಾಯಿತು. ಬಾಕ್ಸ್ ಬಂತು ಎಂದು ಅವಳೂ ಒಪ್ಪುತ್ತಾಳೆ. ಮಾರಿದವರ ಮೇಲಾಗಲಿ ಕೊರಿಯರ್‌ನವರ ಮೇಲಾಗಲಿ ಹೋದರೆ ನಿಮ್ಮ ಸಮಯ ಹಾಳು. ಬೇಸರದ ಮಾತು, ಆದರೆ ಸುಮ್ನೆ ಆಸೆ ಹುಟ್ಟಿಸಲಾರೆ.

ಆ ಫೋನ್ ಕರೆ ಬರದೇ ಇದ್ದಿದ್ದರೆ ಕಥೆ ಬೇರೆ ಆಗುತ್ತಿತ್ತು. ಹುಡುಗ ನಿಮ್ಮನ್ನು ಕೇಳದೆ ಗೇಟಿನ ಸೆಕ್ಯುರಿಟಿ ಕೈಗೆ ಕೊಟ್ಟು ಹೋಗಿದ್ದರೆ, ಆ ಸೆಕ್ಯುರಿಟಿಗೆ ನಿಮ್ಮ ಒಪ್ಪಿಗೆ ಇತ್ತು ಎಂದು ಮಾರಿದವರು ತೋರಿಸಬೇಕಾಗುತ್ತಿತ್ತು. ಆಗಲೂ ಅವರ ಹತ್ತಿರ ಎರಡು ವಾದ ಇರುತ್ತವೆ. ವಿಳಾಸದಲ್ಲಿ ಯಾರಿಗೆ ಕೊಟ್ಟರೂ ಡೆಲಿವರಿ ಆದಂತೆ ಎಂಬ ಷರತ್ತು ಆರ್ಡರ್ ಮಾಡುವಾಗ ನಾವು ಓದದೆ ಒಪ್ಪಿಕೊಂಡಿರುವುದರಲ್ಲಿ ಇರಬಹುದು. ಎರಡನೆಯದು ವಾಡಿಕೆ. ಇದೇ ಕೌಂಟರಿನಿಂದ ಹಿಂದೆ ಹಲವು ಪಾರ್ಸಲ್ ತಕರಾರಿಲ್ಲದೆ ಎತ್ತಿಕೊಂಡು ಹೋಗಿದ್ದರೆ, ಒಪ್ಪಿಗೆ ಇತ್ತು ಎಂದೇ ಅರ್ಥ ಬರುತ್ತದೆ. ಬಾಯಿಬಿಟ್ಟು ಹೇಳದಿದ್ದರೂ ನಡೆದುಕೊಂಡ ರೀತಿಯಿಂದ ಒಪ್ಪಿಗೆ ತಿಳಿಯಬಹುದು ಎಂದು 1872ರ ಭಾರತೀಯ ಕರಾರು ಕಾಯ್ದೆಯ 187ನೇ ಕಲಮು ಹೇಳುತ್ತದೆ. ಇಂಥ ವಾಡಿಕೆ ಇಲ್ಲದವರು, ಗುರುತೇ ಇಲ್ಲದ ಹೆಸರಿನ ಸಹಿ ಕಂಡವರು ಮಾತ್ರ ಧೈರ್ಯವಾಗಿ ಮಾರಿದವರನ್ನು ಹಿಡಿಯಬಹುದು. ಅಂಥವರು ಮೊದಲು ಡೆಲಿವರಿ ಪುರಾವೆ ಕೇಳಬೇಕು. ಸಹಿ, ಪಡೆದವರ ಹೆಸರು, ತೆಗೆದಿದ್ದರೆ ಫೋಟೋ. ಇ-ಕಾಮರ್ಸ್ ನಿಯಮ 2020ರ ಪ್ರಕಾರ ಆನ್‌ಲೈನ್ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ಬಂತು ಎಂದು ತಿಳಿಸಬೇಕು, 1 ತಿಂಗಳೊಳಗೆ ಬಗೆಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವಿಲ್ಲ. ನೀವು ವಾಸ ಇರುವ ಅಥವಾ ಕೆಲಸ ಮಾಡುವ ಊರಿನಲ್ಲೇ ದೂರು ಕೊಡಬಹುದು, 2 ವರ್ಷದ ಗಡುವು ಇದೆ.

ನಿಮ್ಮ ವಿಷಯಕ್ಕೆ ಬರೋಣ. ನಿಮಗೆ ಉಳಿದಿರುವುದು ಎರಡನೇ ಪ್ರಶ್ನೆ.

ಒಬ್ಬರ ವಸ್ತುವನ್ನು ಇನ್ನೊಬ್ಬರು, ಆಮೇಲೆ ವಾಪಸ್ ಕೊಡುವ ಮಾತಿನ ಮೇಲೆ, ತಮ್ಮ ವಶದಲ್ಲಿ ಇಟ್ಟುಕೊಂಡರೆ ಅದನ್ನು ವಕೀಲರು ಬೇಲ್‌ಮೆಂಟ್ ಅನ್ನುತ್ತಾರೆ. ಕೂಲಿ ತಗೊಂಡು ಇಟ್ಟುಕೊಂಡರೂ ಅಷ್ಟೇ, ಪುಕ್ಕಟೆಯಾಗಿ ಇಟ್ಟುಕೊಂಡರೂ ಅಷ್ಟೇ. ಕರಾರು ಕಾಯ್ದೆಯ 151ನೇ ಕಲಮು ಎಲ್ಲರಿಗೂ ಒಂದೇ ಅಳತೆ ಇಟ್ಟಿದೆ: ಸಾಮಾನ್ಯ ಬುದ್ಧಿಯ ಮನುಷ್ಯ ಅಷ್ಟೇ ಗಾತ್ರದ, ಅಷ್ಟೇ ಬೆಲೆಯ ತನ್ನ ಸ್ವಂತ ವಸ್ತುವನ್ನು ಎಷ್ಟು ಜಾಗ್ರತೆಯಿಂದ ನೋಡಿಕೊಳ್ಳುತ್ತಾನೋ ಅಷ್ಟು. ಅಷ್ಟು ಜಾಗ್ರತೆ ಮಾಡಿಯೂ ವಸ್ತು ಹೋದರೆ ಹೊಣೆ ಇಲ್ಲ ಎನ್ನುತ್ತದೆ 152ನೇ ಕಲಮು.

ಹಾಗಾದರೆ ಬಾಕ್ಸ್ ಇಟ್ಟುಕೊಂಡವರು ಯಾರು? ಆ ಹುಡುಗಿಯಾ, ಕಂಪನಿಯಾ? ಇದನ್ನು ತಿಳಿಯಲು ನಿಮ್ಮ ರಿಸೆಪ್ಷನ್‌ಗೆ ಹೋಗಿ ಕಣ್ಣಾಡಿಸಿ. ಪಾರ್ಸಲ್ ಬಂದಾಗ ಬರೆಯುವ ಇನ್‌ವರ್ಡ್ ರಿಜಿಸ್ಟರ್ ಇದೆಯಾ? ಅದರಲ್ಲಿ ನೌಕರರ ಸ್ವಂತ ಪಾರ್ಸಲ್‌ಗಳನ್ನೂ ಬರೆಯುತ್ತಾರಾ? ಅವಕ್ಕೆಂದೇ ಒಂದು ರ‍್ಯಾಕ್ ಇದೆಯಾ? ಪಾರ್ಸಲ್ ರಿಸೆಪ್ಷನ್‌ನಲ್ಲಿ ಪಡೆಯಿರಿ ಎಂದು ಎಚ್.ಆರ್. ಎಂದಾದರೂ ಮೇಲ್ ಹಾಕಿದ್ದಾರಾ? ಇವುಗಳಲ್ಲಿ ಒಂದೆರಡು ಇದ್ದರೂ ಸಾಕು. ಪಾರ್ಸಲ್ ತೆಗೆದುಕೊಳ್ಳುವುದು ಕಂಪನಿಯೇ ನಡೆಸುತ್ತಿರುವ ವ್ಯವಸ್ಥೆ, ಹುಡುಗಿ ತನ್ನ ಕೆಲಸ ಮಾಡಿದಳು ಎಂದು ವಾದಿಸಬಹುದು. ಆಗ ವಶ ಕಂಪನಿಯದು. ಬದಲಿಗೆ, ಸ್ವಂತ ಪಾರ್ಸಲ್ ತರಿಸಬೇಡಿ ಎಂಬ ಸುತ್ತೋಲೆ ಇದ್ದು, ಅವಳು ನಿಮ್ಮ ಮೇಲಿನ ವಿಶ್ವಾಸಕ್ಕೆ ಪಡೆದಿದ್ದರೆ, ನಿಮ್ಮ ವಾದ ಸೊರಗುತ್ತದೆ. ಪಕ್ಕದ ಸೀಟಿನ ಸಹೋದ್ಯೋಗಿ ನಿಮ್ಮ ಪಾರ್ಸಲ್‌ಗೆ ಸಹಿ ಹಾಕಿದಾಗಲೂ ಹೀಗೇ. ಅಲ್ಲಿ ವಶ ಅವರೊಬ್ಬರದೇ, ಅಳತೆ ಮಾತ್ರ ಇದೇ 151.

ಈಗ ಜಾಗ್ರತೆಯ ಪ್ರಶ್ನೆ. ಇದಕ್ಕೆ ಒಂದು ಒಳ್ಳೆಯ ಪರೀಕ್ಷೆ ಇದೆ. ಕಂಪನಿಗೆ ಹೊಸ ಲ್ಯಾಪ್‌ಟಾಪ್ ಕೊರಿಯರ್‌ನಲ್ಲಿ ಬಂದರೆ ಏನು ಮಾಡುತ್ತಾರೆ? ಹೆಚ್ಚಿನ ಆಫೀಸುಗಳಲ್ಲಿ ಐ.ಟಿ. ವಿಭಾಗಕ್ಕೆ ಫೋನ್ ಹೋಗುತ್ತದೆ, ಬಾಕ್ಸ್ ಬೀಗದ ಬೀರು ಸೇರುತ್ತದೆ. ನಿಮ್ಮ ಬಾಕ್ಸ್ ಮಾತ್ರ ಶನಿವಾರ, ಭಾನುವಾರ ಎರಡೂ ದಿನ, ಹೌಸ್‌ಕೀಪಿಂಗ್, ವಿಸಿಟರ್, ಎಲ್ಲರೂ ಓಡಾಡುವ ಕೌಂಟರಿನ ಪಕ್ಕ ನೆಲದ ಮೇಲೆ ಇತ್ತು. ತನ್ನ ವಸ್ತುವಿಗೆ ಕಂಪನಿ ಹಾಗೆ ಮಾಡುತ್ತಿರಲಿಲ್ಲ, ಅಲ್ವಾ? ನಿಮ್ಮ ಬಲವಾದ ಮಾತು ಇದೇ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮಾರಿದವರು ಫೋನನ್ನು ಸಾದಾ ಕಂದು ಬಾಕ್ಸಿನಲ್ಲಿ ಹಾಕಿ ಕಳಿಸುತ್ತಾರೆ. ಒಳಗೆ ಏನಿದೆ ಎಂದು ಆ ಹುಡುಗಿಗೆ ಗೊತ್ತಿರಲಿಲ್ಲ. ‘ಒಳಗೆ ಫೋನ್ ಇದೆ, ಬೀರುವಿನಲ್ಲಿ ಇಡಮ್ಮ’ ಎಂದು ನೀವು ಒಂದು ಮಾತು ಹೇಳಲಿಲ್ಲ. ಸಂಜೆಯೇ ಫೋನ್ ಮಾಡಿ ವಿಚಾರಿಸಲೂ ಇಲ್ಲ. ಕಂಪನಿ ಇದನ್ನು ಹೇಳಿಯೇ ಹೇಳುತ್ತದೆ, ಆ ಮಾತಿನಲ್ಲಿ ತೂಕವೂ ಇದೆ. ಪೂರ್ತಿ 24,500 ಸಿಗುವುದಕ್ಕಿಂತ ಒಂದು ಪಾಲು ಸಿಗುವ ಸಾಧ್ಯತೆಯೇ ಜಾಸ್ತಿ ಎಂದು ನನಗೆ ಅನ್ನಿಸಲು ಕಾರಣ ಇದು.

ಇದನ್ನು ಗ್ರಾಹಕರ ಆಯೋಗಕ್ಕೆ ಒಯ್ಯಲಾಗದು. ಪಾರ್ಸಲ್ ಇಟ್ಟುಕೊಳ್ಳಲು ನೀವು ಕಂಪನಿಗೆ ದುಡ್ಡು ಕೊಟ್ಟಿಲ್ಲ, ಹಾಗಾಗಿ ಈ ವಿಷಯದಲ್ಲಿ ನೀವು ಅವರ ಗ್ರಾಹಕರಲ್ಲ. ಉಳಿಯುವುದು ಸಿವಿಲ್ ದಾವೆ. 24,500ಕ್ಕೆ ದಾವೆ ಹೂಡಿದರೆ ವಕೀಲರ ಫೀಸು, ಓಡಾಟದಲ್ಲೇ ಅಷ್ಟು ಹೋಗುತ್ತದೆ. ಬರೆದು ಕೇಳುವುದೇ ನಿಮ್ಮ ದಾರಿ. ಡೆಲಿವರಿ ಪುರಾವೆ, ಬಿಲ್ಲು, ರಿಜಿಸ್ಟರ್ ಪುಟದ ಫೋಟೋ ಜೊತೆಗಿಟ್ಟು, ಪಾರ್ಸಲ್ ಪಡೆಯುವ ವ್ಯವಸ್ಥೆ ಕಂಪನಿಯದೇ ಎಂದು ತೋರಿಸಿ, ನಷ್ಟ ಹಂಚಿಕೊಳ್ಳಲು ಅಡ್ಮಿನ್ ಮುಖ್ಯಸ್ಥರನ್ನು ಕೇಳಿ. ರಿಸೆಪ್ಷನ್, ಸೆಕ್ಯುರಿಟಿ ಎರಡೂ ಏಜೆನ್ಸಿ ಮೂಲಕ ಬಂದಿದ್ದರೆ, ಕಳವು-ನಷ್ಟದ ಬಗ್ಗೆ ಏಜೆನ್ಸಿ ಜೊತೆಗಿನ ಒಪ್ಪಂದದಲ್ಲಿ ಏನಿದೆ ನೋಡಿ ಎಂದೂ ಸೇರಿಸಿ.

ಪೊಲೀಸ್ ದೂರನ್ನೂ ಬಿಡಬೇಡಿ. ಬಾಕ್ಸ್ ತಾನಾಗಿ ಹೋಗಿಲ್ಲ, ಯಾರೋ ಎತ್ತಿಕೊಂಡಿದ್ದಾರೆ. ಅದು ಕಳವು. ಫೋನಿನ ಐಎಂಇಐ ಸಂಖ್ಯೆ ಸಾಮಾನ್ಯವಾಗಿ ಬಿಲ್ಲಿನ ಮೇಲೆ ಇರುತ್ತದೆ, ಅದನ್ನು ದೂರಿನಲ್ಲಿ ಬರೆಯಿರಿ. ಇಲ್ಲದಿದ್ದರೆ ಮಾರಿದವರನ್ನು ಕೇಳಿ. ಯಾರಾದರೂ ಆ ಫೋನಿಗೆ ಸಿಮ್ ಹಾಕಿದರೆ ಪತ್ತೆಗೆ ಆ ಸಂಖ್ಯೆಯೇ ಆಧಾರ. ದೂರಿನಲ್ಲಿ ಆ ಹುಡುಗಿಯನ್ನು ಆರೋಪಿ ಎಂದು ಬರೆಯಬೇಡಿ. ನಡೆದದ್ದನ್ನು ಗಂಟೆ ಸಮೇತ ಬರೆದರೆ ಸಾಕು.

ಆ ಹುಡುಗಿ ಕೊಡುತ್ತೇನೆ ಅಂದ ಕಂತಿನ ಹಣ ತಗೊಳ್ಳಬೇಡಿ. ಇದನ್ನು ಕರುಣೆಯ ಮಾತಾಗಿ ಮಾತ್ರ ಹೇಳುತ್ತಿಲ್ಲ. ಅವಳಿಗೆ ಬೀಗದ ಬೀರು ಕೊಟ್ಟಿರಲಿಲ್ಲ, ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಶುಕ್ರವಾರ ಸಂಜೆ ಅವಳ ಪಾಳಿ ಮುಗಿದ ಮೇಲೆ ಆ ಕೌಂಟರ್ ಯಾರ ಕಣ್ಣಳತೆಯಲ್ಲಿತ್ತೋ ಅವಳಿಗೇನು ಗೊತ್ತು? ಸೂಪರ್‌ವೈಸರ್ ಹೇಳುವಂತೆ ಸಂಬಳದಲ್ಲಿ ಹಿಡಿಯುವುದೂ ಸುಲಭವಲ್ಲ. ವಸ್ತುವನ್ನು ಅವಳ ಸುಪರ್ದಿಗೆ ಸ್ಪಷ್ಟವಾಗಿ ವಹಿಸಿರಬೇಕು, ನಷ್ಟ ನೇರವಾಗಿ ಅವಳ ನಿರ್ಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವಳ ವಿವರಣೆ ಕೇಳಲೇಬೇಕು. ವೇತನ ಕಾನೂನು ಹಾಗೆ ಹೇಳುತ್ತದೆ. ಅಡ್ಮಿನ್‌ಗೆ ಬರೆಯುವ ಪತ್ರದಲ್ಲಿ ಒಂದು ಸಾಲು ಸೇರಿಸಿ: ‘ಈ ನಷ್ಟವನ್ನು ರಿಸೆಪ್ಷನ್ ಸಿಬ್ಬಂದಿಯ ಸಂಬಳದಿಂದ ತುಂಬಿಕೊಡಿ ಎಂದು ನಾನು ಕೇಳುತ್ತಿಲ್ಲ.’ ನೀವು ಹಾಗೆ ಬರೆದಿದ್ದರೆ, ನಿಮ್ಮ ಹೆಸರು ಹೇಳಿಕೊಂಡು ಅವಳ ಸಂಬಳಕ್ಕೆ ಕೈಹಾಕುವುದು ಅವರಿಗೆ ಕಷ್ಟವಾಗುತ್ತದೆ.

— ಸಂ.