ಜಾತ್ರಿ ದಾಳದ ಆಟ: ಲಾಭನೋ ನಷ್ಟನೋ?

"ವಿಜಯಪುರ ಜಾತ್ರ್ಯಾಗ ₹10 ಕೊಟ್ಟು ದಾಳ ಒಮ್ಮೆ ಉರುಳಿಸೋದು. 6 ಬಿದ್ರ ₹30, 5 ಬಿದ್ರ ₹12, ಉಳಿದದ್ದಕ್ಕ ಏನೂ ಇಲ್ಲ. (30+12+0)÷3 = 14, ಅಂದ್ರ ಲಾಭ ಅಲ್ಲೇನ್ರಿ?"

ಅಲ್ರಿ. ಮೂರೂ ಫಲಿತಾಂಶಕ್ಕ ಸಮಾನ ಅವಕಾಶ ಇದ್ದಾಗ ಮಾತ್ರ ಹಂಗ ಮೂರರಿಂದ ಭಾಗಿಸಬಹುದು. ಇಲ್ಲಿ ₹30ಕ್ಕ ಒಂದ ಮುಖ, ₹12ಕ್ಕ ಒಂದ, ಸೊನ್ನೆಗೆ ಮಾತ್ರ ನಾಲ್ಕು ಮುಖ ಅದಾವ. ದಾಳ ಸಾಚಾ ಅಂತ ಹಿಡಿದು, ಪ್ರತಿ ಮೊತ್ತಾನ ಅದರ ಸಂಭವನೀಯತೆಯಿಂದ ಗುಣಿಸಿ ಕೂಡಿಸ್ರಿ:

30×1/6 + 12×1/6 + 0×4/6 = 5 + 2 + 0 = 7

ನಿರೀಕ್ಷಿತ ಮೌಲ್ಯ ₹7. ಕೊಟ್ಟಿದ್ದು ₹10, ಅಂದ್ರ ಆಟಕ್ಕ ಸರಾಸರಿ ₹3 ಹೋಗ್ತದ. ಈ ₹7 ಯಾವ ಒಂದು ಆಟದಾಗೂ ನಿಮ್ಮ ಕೈಗೆ ಬರಂಗಿಲ್ಲ. ಭಾಳ ಸಲ ಆಡಿದ್ರ ಸರಾಸರಿ ಅದರ ಹತ್ರ ಬಂದು ನಿಲ್ತದ. 6ಕ್ಕ ₹48 ಇಟ್ಟಿದ್ರ ಆಟ ಸಮ ಆಗ್ತಿತ್ತು: 8 + 2 = 10.