ಅಡ್ವಾನ್ಸ್ ಬರುವ ಮೊದಲೇ ಬಟ್ಟೆ ಕೊಳ್ಳಬೇಕು, ಹಣ ಹೊಂದಿಸೋದು ಹೇಗೆ?

ಪ್ರಶ್ನೆ: ನಮ್ಮದು ಆರು ಮೆಷಿನ್ನಿನ ಬ್ಯಾಗ್ ಹೊಲಿಗೆ ಘಟಕ. ಒಂದು ಕಂಪನಿಯಿಂದ 10,000 ಕ್ಯಾನ್ವಾಸ್ ಬ್ಯಾಗಿಗೆ ಆರ್ಡರ್ ಬಂದಿದೆ, ಒಂದಕ್ಕೆ ₹85. ಶೇ 40 ಅಡ್ವಾನ್ಸ್ ಕೊಡ್ತಾರೆ, ಆದರೆ ಮೂರು ವಾರ ಆಗುತ್ತಂತೆ. ಬಟ್ಟೆ ಈಗಲೇ ತರಬೇಕು. ಸಾಲ ಎಲ್ಲಿ ಮಾಡೋದು?

ಸಾಲ ಎಲ್ಲಿ ಅನ್ನೋದಕ್ಕಿಂತ ಮೊದಲು ಎಷ್ಟು ಅನ್ನೋದನ್ನು ನೋಡಿ. ನಾನೂ ಇದೇ ಕೆಲಸದವನು. ಇಂಥ ಆರ್ಡರ್ ಬಂದಾಗ ಎಲ್ಲರೂ ಪೂರ್ತಿ ಬಟ್ಟೆಯ ದುಡ್ಡಿಗೇ ಓಡಾಡುತ್ತಾರೆ. ಅಷ್ಟು ಬೇಕಾಗಿಲ್ಲ.

ಮಾಮೂಲಿ 14×16 ಇಂಚಿನ ಬ್ಯಾಗ್ ಅಂತ ಇಟ್ಟುಕೊಳ್ಳೋಣ. 48 ಇಂಚು ಪನ್ನಾದ ಬಟ್ಟೆಯಲ್ಲಿ ಅಡ್ಡಕ್ಕೆ ಮೂರು ಬ್ಯಾಗ್ ಕೂರುತ್ತವೆ. ವೇಸ್ಟೇಜ್ ಸೇರಿಸಿ ಒಂದಕ್ಕೆ 32 ಸೆಂಟಿಮೀಟರ್, ಒಟ್ಟು 3,200 ಮೀಟರ್. ಮೀಟರಿಗೆ ₹110 ಹಿಡಿದರೆ ₹3.52 ಲಕ್ಷ, ಜಿಎಸ್‌ಟಿ ಬಿಟ್ಟು. ಆದರೆ ಆರು ಮೆಷಿನ್ನಲ್ಲಿ ವಾರಕ್ಕೆ ಹೆಚ್ಚೆಂದರೆ 2,500 ಬ್ಯಾಗ್ ಆಗುತ್ತದೆ ಅಲ್ವಾ? ಉಳಿದ ಥಾನುಗಳು ಸುಮ್ನೆ ಮೂಲೆಯಲ್ಲಿ ಬಿದ್ದಿರುತ್ತವೆ, ಬಡ್ಡಿ ಮಾತ್ರ ಓಡುತ್ತಿರುತ್ತದೆ.

ಹಾಗಂತ ಸ್ವಲ್ಪ ಸ್ವಲ್ಪ ಕೊಂಡರೆ ಇನ್ನೊಂದು ತೊಂದರೆ ಇದೆ. ಎರಡನೇ ಸಲ ಬಂದ ಬಟ್ಟೆಯ ಬಣ್ಣ ಬೇರೆ ಇರುತ್ತದೆ. ಕೋರಾ ಕ್ಯಾನ್ವಾಸ್ ಕೂಡ ಒಂದು ಲಾಟ್ ಬೆಳ್ಳಗೆ, ಇನ್ನೊಂದು ಹಳದಿ. ಎರಡು ಬ್ಯಾಗ್ ಪಕ್ಕಪಕ್ಕ ಇಟ್ಟರೆ ಯಾರಿಗಾದರೂ ಗೊತ್ತಾಗುತ್ತದೆ. ಅದಕ್ಕೆ 3,200 ಮೀಟರನ್ನೂ ಒಂದೇ ಲಾಟಿನಲ್ಲಿ ಬುಕ್ ಮಾಡಿ, ಶೇ 20 ಟೋಕನ್ ಕೊಡಿ, ಅಂದರೆ ಸುಮಾರು ₹70,000. ಮೊದಲು 800 ಮೀಟರ್ ಎತ್ತಿ, ಅದಕ್ಕೆ ₹88,000. ಟೋಕನ್ ಕೊನೆಯ ಬಿಲ್ಲಿನಲ್ಲಿ ವಜಾ ಆಗಲಿ. ಲಾಟ್ ನಂಬರನ್ನು ರಸೀದಿಯ ಮೇಲೆ ಬರೆಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಥಾನು ಬೇರೆಯವರಿಗೆ ಹೋಗಿರುತ್ತದೆ.

ಅಡ್ವಾನ್ಸ್ ಬರುವವರೆಗೆ ಲೋಗೋ ಮಾತ್ರ ಹಾಕಿಸಬೇಡಿ. ಆರ್ಡರ್ ಕೈಕೊಟ್ಟರೆ ಮಾಮೂಲಿ ಸೈಜಿನ ಖಾಲಿ ಬ್ಯಾಗನ್ನು ಯಾರಿಗಾದರೂ ಮಾರಬಹುದು, ಕಂಪನಿ ಹೆಸರು ಬಿದ್ದ ಬ್ಯಾಗನ್ನು ಯಾರೂ ಮುಟ್ಟಲ್ಲ. ಹೊಲಿದ ಮೇಲೂ ಸ್ಕ್ರೀನ್ ಪ್ರಿಂಟ್ ಆಗುತ್ತದೆ. ಒಳಗೊಂದು ಹಲಗೆ ತೂರಿಸಿ, ಹೊಲಿಗೆಯ ಉಬ್ಬು ಸ್ಕ್ರೀನಿಗೆ ತಾಗದ ಹಾಗೆ ನೋಡಿಕೊಂಡರೆ ಸಾಕು. ಆದರೆ ಅವರು ವಿಚಿತ್ರ ಸೈಜ್ ಕೇಳಿದ್ದರೆ ಬಟ್ಟೆಗೆ ಕತ್ತರಿಯನ್ನೂ ಹಾಕಬೇಡಿ.

ಈಗ ಲೆಕ್ಕ ಹಾಕಿ. ಟೋಕನ್, ಮೊದಲ 800 ಮೀಟರ್ ಬಟ್ಟೆ, ಅದರಲ್ಲಾಗುವ 2,500 ಬ್ಯಾಗಿಗೆ ಹಿಡಿಕೆಯ ಟೇಪ್ ₹12,500, ಹೊಲಿಗೆ ಕೂಲಿ ₹30,000. ಎಲ್ಲ ಸೇರಿ ಎರಡು ಲಕ್ಷ.

ಇಲ್ಲಿಗೇ ಮುಗಿಯಲಿಲ್ಲ. ಬರುವ ಅಡ್ವಾನ್ಸ್ ₹3.4 ಲಕ್ಷ. ಉಳಿದ ಬಟ್ಟೆ, ಟೇಪ್, ಕೂಲಿ, ಪ್ರಿಂಟಿಂಗ್, ಸಾಗಣೆಗೆ ಸುಮಾರು ₹4.3 ಲಕ್ಷ ಬೇಕು. ಅಂದರೆ ಇನ್ನೂ ₹90,000 ನಿಮ್ಮ ಕೈಯಿಂದಲೇ, ಹಳೆಯ ಎರಡು ಲಕ್ಷವೂ ವಾಪಸ್ ಬಂದಿರಲ್ಲ. ಬಾಕಿ ಹಣ ಬರುವವರೆಗೆ ಹತ್ತಿರಹತ್ತಿರ ಮೂರು ಲಕ್ಷ ಹೊರಗಿರುತ್ತದೆ. ಹಾಗಾಗಿ ಸಾಲವನ್ನು ಮೂರು ವಾರಕ್ಕಲ್ಲ, ಮೂರು ತಿಂಗಳಿಗೆ ಅಂತ ಲೆಕ್ಕ ಹಾಕಿ. ಕಂಪನಿ ಒಪ್ಪಿದರೆ 2,500 ಬ್ಯಾಗ್ ಕಳಿಸಿದ ಹಾಗೆಲ್ಲ ಬಿಲ್ ಮಾಡಿ. ಅಡ್ವಾನ್ಸಿನ ಪಾಲು ಕಳೆದು ಪ್ರತಿ ಸಲ ಸುಮಾರು ₹1.27 ಲಕ್ಷ ಬರುತ್ತದೆ.

ಮೂರು ಲಕ್ಷಕ್ಕೆ ನಾನಾದರೆ ಬ್ಯಾಂಕಿನ ಚಿನ್ನದ ಸಾಲ ಮಾಡುತ್ತೇನೆ. ವರ್ಷಕ್ಕೆ ಶೇ 12 ಹಿಡಿದರೂ ಮೂರು ತಿಂಗಳಿಗೆ ₹9,000. ನೂರಕ್ಕೆ ಮೂರು ರೂಪಾಯಿ ಬಡ್ಡಿಯವರ ಹತ್ತಿರ ಹೋದರೆ ₹27,000. ಬಟ್ಟೆ ವ್ಯಾಪಾರಿ ತಿಂಗಳ ಉದ್ದರಿ ಕೊಡಬಹುದು, ಆದರೆ ನಗದಿಗೆ ರೇಟ್ ಎಷ್ಟು ಅಂತ ಕೇಳಿ ನೋಡಿ. ಶೇ 2 ಕಡಿಮೆ ಮಾಡಿದರೆ, ಆ ಉದ್ದರಿಗೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ಬಿದ್ದಂತೆ, ಚಿನ್ನದ ಸಾಲದ ಎರಡರಷ್ಟು. ಬ್ಯಾಂಕಿನಲ್ಲಿ ಈಗಾಗಲೇ ಕ್ಯಾಶ್ ಕ್ರೆಡಿಟ್ ಖಾತೆ ಇದ್ದರೆ ಕಂಪನಿಯ ಪರ್ಚೇಸ್ ಆರ್ಡರ್, ಅಂದರೆ ಪಿಓ ತೋರಿಸಿ ತಾತ್ಕಾಲಿಕವಾಗಿ ಲಿಮಿಟ್ ಜಾಸ್ತಿ ಮಾಡಿ ಅಂತ ಕೇಳಿ. ಹೊಸದಾಗಿ ಅರ್ಜಿ ಹಾಕಿ ಮೂರು ವಾರದಲ್ಲಿ ಸಿಗುತ್ತದೆ ಅಂತ ಕೂರಬೇಡಿ.

ಇನ್ನು ಆ "ಮೂರು ವಾರ". ಅದು ಸಾಮಾನ್ಯವಾಗಿ ವೆಂಡರ್ ನೋಂದಣಿಗೆ ಹಿಡಿಯುವ ಸಮಯ. ಜಿಎಸ್‌ಟಿ ಪತ್ರ, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, ಉದ್ಯಮ್ ಪತ್ರ ಎಲ್ಲವನ್ನೂ ಇವತ್ತೇ ಕಳಿಸಿ. ಆಮೇಲೆ ಪರ್ಚೇಸ್‌ನವರನ್ನಲ್ಲ, ಅಕೌಂಟ್ಸ್‌ನವರನ್ನು ಕೇಳಿ: ವೆಂಡರ್ ಕೋಡ್ ಆಯ್ತಾ, ಪೇಮೆಂಟ್ ಯಾವ ದಿನ ಹಾಕ್ತೀರಿ? ಕೋಡೇ ಆಗಿಲ್ಲ ಅಂದರೆ ಮೂರು ವಾರ ಐದಾಗುತ್ತದೆ. ಪಿಓ ನಂಬರ್ ಬರುವ ತನಕ ಟೋಕನ್ ಕೂಡ ಕೊಡಬೇಡಿ, ವಾಟ್ಸಾಪಿನ "ಕನ್ಫರ್ಮ್" ಲೆಕ್ಕಕ್ಕಿಲ್ಲ. ಪ್ರೊಫಾರ್ಮಾ ಬಿಲ್ಲಿನಲ್ಲಿ "ಅಡ್ವಾನ್ಸ್ ಖಾತೆಗೆ ಬಂದ ದಿನದಿಂದ 30 ದಿನದಲ್ಲಿ ಡೆಲಿವರಿ" ಅಂತ ಬರೆಯಿರಿ. ಆಗ ಅವರು ತಡ ಮಾಡಿದಷ್ಟೂ ನಿಮ್ಮ ಗಡುವೂ ಮುಂದಕ್ಕೆ ಹೋಗುತ್ತದೆ. ಬ್ಯಾಗ್ ಯಾವುದಾದರೂ ಸಮಾರಂಭಕ್ಕಾಗಿದ್ದು, ಅದರ ತಾರೀಖು ನಿಗದಿಯಾಗಿಬಿಟ್ಟಿದ್ದರೆ ಮಾತ್ರ ಇದಕ್ಕೆ ಅವರು ಒಪ್ಪಲ್ಲ. ಆಗ ಬಟ್ಟೆಯ ದುಡ್ಡನ್ನು ನೇರವಾಗಿ ವ್ಯಾಪಾರಿಗೇ ಕಟ್ಟಿ ಅಂತ ಕೇಳಿ, ನೀವು ಬರೀ ಹೊಲಿಗೆ, ಪ್ರಿಂಟಿಂಗಿಗೆ ಬಿಲ್ ಮಾಡಿ. ಲಾಭ ಸ್ವಲ್ಪ ಕಡಿಮೆ, ಆದರೆ ಒಡವೆ ಅಡ ಇಡೋದು ತಪ್ಪುತ್ತದೆ.